ಸಾರುವೆ ತೆಗೆಯಿರಿ, ಗೋಡೆ ಹುಟ್ಟಿಸಬೇಡಿ

ಕಾಲೇಜಿನ ವಾರ್ಷಿಕ ಸಂಚಿಕೆಗೆ ಮುಖಪುಟದ ಫೋಟೊ ಬೇಕಾದಾಗಲೇ ಮೇನ್ ಬ್ಲಾಕಿಗೆ ಸಾರುವೆ ಕಟ್ಟಿರುತ್ತಾರೆ. ಸಿವಿಲ್‌ನವರು ಸ್ಕ್ಯಾಫೋಲ್ಡಿಂಗ್ ಅಂತಾರಲ್ಲ, ಅದೇ. ಈ ಸಲವೂ ಹಾಗೇ ಆಗಿದೆ. ಪೋರ್ಟಿಕೊದ ಬಲಕ್ಕೆ ನಾಲ್ಕು ಅಂಕಣಗಳ ಮುಂದೆ ಉಕ್ಕಿನ ಪೈಪುಗಳು ನಿಂತಿವೆ, ಅದರಲ್ಲಿ ನಡುವಿನ ಎರಡಕ್ಕೆ ಹಸಿರು ಬಲೆ ಬೇರೆ. ಹಿಂದುಗಡೆ ಹೊಸ ಬ್ಲಾಕಿನ ಟವರ್ ಕ್ರೇನು ಪ್ಯಾರಪೆಟ್ ಮೇಲಿಂದ ಕತ್ತು ಹಾಕಿ ನೋಡ್ತಿದೆ. ಮುಂದೆ ಫೆಸ್ಟ್‌ನ ಫ್ಲೆಕ್ಸ್. ಫೆಸ್ಟ್ ಮುಗಿದು ಎಷ್ಟು ದಿನ ಆಯ್ತು ಅಂತ ಕೇಳಬೇಡಿ.

ಇಂಥ ಫೋಟೊ ಕೈಗೆ ಬಂದಾಗ ಹೆಚ್ಚಿನವರು ಮಾಡೋದು ಒಂದೇ: ಫೋಟೊಶಾಪ್ ತೆರೆದು ಕ್ಲೋನ್ ಸ್ಟ್ಯಾಂಪ್ ಹಿಡಿದು, ಪಕ್ಕದ ಗೋಡೆಯನ್ನು ತೆಗೆದು ಪೈಪಿನ ಮೇಲೆ ಮೆತ್ತುವುದು. ಇಲ್ಲವೇ ಪೈಪನ್ನು ಸೆಲೆಕ್ಟ್ ಮಾಡಿ ಕಂಟೆಂಟ್ ಅವೇರ್ ಫಿಲ್ ಒತ್ತಿ ದೇವರ ಮೇಲೆ ಭಾರ ಹಾಕುವುದು. ನಮ್ಮ ಅಭಿಪ್ರಾಯ ಬೇರೆ. ಸಾರುವೆಯನ್ನು ಫೋಟೊದಿಂದ ತೆಗೆಯುವುದರಲ್ಲಿ ತಪ್ಪಿಲ್ಲ, ಅದು ಕಟ್ಟಡದ ಭಾಗವಲ್ಲ, ನಾಳೆ ಹೋಗುವಂಥದ್ದು. ಆದರೆ ಅದರ ಹಿಂದೆ ಒಂದು ನಿಜವಾದ ಗೋಡೆ ಇದೆ. ಆ ಗೋಡೆಯನ್ನು ಮೊದಲು ಕ್ಯಾಮರಾದಿಂದಲೇ ಹುಡುಕಬೇಕು. ಸಿಗದ ಭಾಗವನ್ನು ಮಾತ್ರ ಕಟ್ಟಡದ್ದೇ ಗೆರೆಗಳಿಂದ ಕಟ್ಟಬೇಕು. ಹಾಗೆ ಕಟ್ಟಿದ್ದು ಎಷ್ಟು ಅಂತ ಫೋಟೊದ ಕೆಳಗೆ ಹೇಳಬೇಕು.

ಮೇನ್ ಬ್ಲಾಕನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಮೂರು ಮಹಡಿ, ಹನ್ನೊಂದು ಅಂಕಣ, ಆರನೆಯದು ಪೋರ್ಟಿಕೊ. ಒಂದೊಂದು ಅಂಕಣ 4 ಮೀಟರ್ ಅಗಲ. ಪೈಪುಗಳಿರೋದು 7ರಿಂದ 10ರವರೆಗೆ, ಬಲೆ ಇರೋದು 8 ಮತ್ತು 9ಕ್ಕೆ. ಎದುರಿನ ಬ್ಲಾಕಿನ ಮುಂದೆ ನಿಂತರೆ ಗೋಡೆಗೂ ನಮಗೂ 30 ಮೀಟರ್ ದೂರ.

ಪೈಪಿನಿಂದ ಶುರು ಮಾಡೋಣ. ಇಲ್ಲಿ ನಮ್ಮ ಪಾಲಿಗೆ ಒಂದು ಅನುಕೂಲ ಇದೆ: ಗೋಡೆ ಹೆಚ್ಚುಕಡಿಮೆ ಒಂದು ಸಮತಲ, ಪೈಪುಗಳು ಅದರ ಮುಂದೆ ಸ್ವಲ್ಪ ದೂರದಲ್ಲಿವೆ. ನೀವು ಪಕ್ಕಕ್ಕೆ ನಾಲ್ಕು ಹೆಜ್ಜೆ ಹೋಗಿ ನೋಡಿದರೆ ಪೈಪು ಗೋಡೆಯ ಮೇಲೆ ಬೇರೆ ಜಾಗಕ್ಕೆ ಸರಿದಂತೆ ಕಾಣುತ್ತೆ, ಮೊದಲು ಅದು ಮುಚ್ಚಿದ್ದ ಗೋಡೆ ಈಗ ತೆರೆದುಕೊಳ್ಳುತ್ತೆ. ಬಸ್ಸಿನ ಕಿಟಕಿಯಿಂದ ನೋಡುವಾಗ ಹತ್ತಿರದ ಕರೆಂಟು ಕಂಬ ಓಡಿ, ದೂರದ ಗುಡ್ಡ ನಿಲ್ಲುವುದಿಲ್ಲವೇ, ಅದೇ ಲೆಕ್ಕ. ಹೀಗೆ ಐದು ಕಡೆಯಿಂದ ಐದು ಫೋಟೊ ತೆಗೆದು, ಎಲ್ಲದರಲ್ಲೂ ಗೋಡೆ ಒಂದರ ಮೇಲೊಂದು ಸರಿಯಾಗಿ ಕೂರುವಂತೆ ಹೊಂದಿಸಿದರೆ, ಗೋಡೆ ಐದರಲ್ಲೂ ಒಂದೇ ಜಾಗದಲ್ಲಿರುತ್ತೆ, ಪೈಪು ಒಂದೊಂದರಲ್ಲೂ ಬೇರೆ ಬೇರೆ ಜಾಗದಲ್ಲಿರುತ್ತೆ. ಪ್ರತಿ ಪಿಕ್ಸೆಲ್‌ಗೂ ಐದರ ಮೀಡಿಯನ್ ತೆಗೆದುಕೊಂಡರೆ ಬಹುಮತ ಗೋಡೆಯದ್ದು. ಪೈಪು ತಾನಾಗಿ ಮಾಯ.

ಎಷ್ಟು ದೂರ ಸರಿಯಬೇಕು ಅನ್ನೋದನ್ನು ಅಂದಾಜಿಗೆ ಬಿಡಬೇಕಾಗಿಲ್ಲ. ಗೋಡೆ `Z` ದೂರದಲ್ಲಿದ್ದು, ಪೈಪು ಗೋಡೆಯಿಂದ `d` ಮುಂದಿದ್ದು, ನಾವು ಗೋಡೆಗೆ ಸಮಾಂತರವಾಗಿ `b` ಸರಿದರೆ, ಗೋಡೆಯ ಮೇಲೆ ಪೈಪು ಸರಿದಂತೆ ಕಾಣುವ ಅಳತೆ ಇಷ್ಟು:

```
s = b * d / (Z - d)
```

ಸಾರುವೆಯಲ್ಲಿ ನಿಂತ ಪೈಪುಗಳು ಎರಡು ಸಾಲು. ಹೊರಸಾಲು ಗೋಡೆಯಿಂದ 1.5 ಮೀಟರ್ ಮುಂದಿದೆ ಅಂದುಕೊಳ್ಳಿ, ಒಳಸಾಲು 30 ಸೆಂ.ಮೀ. ಮಾತ್ರ. ಪೈಪಿನ ದಪ್ಪ 5 ಸೆಂ.ಮೀ.ಗೆ ಚೂರು ಕಡಿಮೆ. ಒಂದು ಫೋಟೊದಿಂದ ಇನ್ನೊಂದಕ್ಕೆ ಪೈಪು ಕನಿಷ್ಠ ತನ್ನ ದಪ್ಪದಷ್ಟಾದರೂ ಸರಿಯಬೇಕು. ಹೊರಸಾಲಿಗೆ ಲೆಕ್ಕ ಹಾಕಿದರೆ ನಾವು 1 ಮೀಟರ್ ಸರಿದರೆ ಸಾಕು. ಒಳಸಾಲಿಗೆ? 5 ಮೀಟರ್. ಜನ ಎಡವೋದು ಇಲ್ಲೇ. ಕಣ್ಣಿಗೆ ರಾಚುವ ಹೊರಸಾಲನ್ನು ನೋಡಿ ಒಂದೊಂದು ಹೆಜ್ಜೆಗೆ ಒಂದೊಂದು ಫೋಟೊ ಹೊಡೀತಾರೆ. ಹೊರಸಾಲು ಚೆನ್ನಾಗಿ ಅಳಿಸಿ ಹೋಗುತ್ತೆ, ಒಳಸಾಲು ಮಬ್ಬಾದ ಬೂದು ಪಟ್ಟಿಯಾಗಿ ಗೋಡೆಗೆ ಅಂಟಿಕೊಂಡಿರುತ್ತೆ. ಗೋಡೆಗೆ ತೀರಾ ಹತ್ತಿರವಿರುವ ಪೈಪೇ ನಮ್ಮ ಹೆಜ್ಜೆಯನ್ನು ನಿರ್ಧರಿಸಬೇಕು. ಐದು ಫೋಟೊಗೆ 20 ಮೀಟರ್ ನಡೆಯಬೇಕು, ಅಷ್ಟೇ ತಾನೆ. ಹಾಗೆ ತೆಗೆದರೆ ಒಂದು ಪಿಕ್ಸೆಲ್ಲನ್ನು ಒಂದು ಫೋಟೊದಲ್ಲಿ ಹೊರಪೈಪು, ಇನ್ನೊಂದರಲ್ಲಿ ಒಳಪೈಪು ಮುಚ್ಚಿದರೂ ಉಳಿದ ಮೂರರಲ್ಲಿ ಗೋಡೆ ಕಾಣುತ್ತೆ, ಬಹುಮತ ಉಳಿಯುತ್ತೆ.

ಆದರೆ ಅಡ್ಡ ಪೈಪುಗಳ ಕತೆ ಬೇರೆ. ನಾವು ಪಕ್ಕಕ್ಕೆ ಎಷ್ಟೇ ಸರಿದರೂ ಅಡ್ಡ ಪೈಪು ತನ್ನ ಉದ್ದಕ್ಕೇ ಜಾರುತ್ತೆ, ಮುಚ್ಚಿದ ಗೋಡೆಯನ್ನು ಬಿಟ್ಟುಕೊಡೋದಿಲ್ಲ. ಅದನ್ನು ಸರಿಸಬೇಕಾದರೆ ನಾವು ಮೇಲೆ ಹೋಗಬೇಕು. ಎದುರಿನ ಬ್ಲಾಕಿನ ಎರಡನೇ ಮಹಡಿ ಕಾರಿಡಾರಿಗೆ ಹೋದರೆ 7 ಮೀಟರ್ ಏರಿದಂತಾಯ್ತು, ಒಳಸಾಲಿನ ಅಡ್ಡ ಪೈಪು ಗೋಡೆಯ ಮೇಲೆ 7 ಸೆಂ.ಮೀ. ಕೆಳಗೆ ಸರಿದಿರುತ್ತೆ. ಸಾಕು. ಅಲ್ಲಿಂದಲೂ ಐದು ಫೋಟೊ. ಈಗ ಹತ್ತನ್ನೂ ಸೇರಿಸಿ ಒಂದೇ ಮೀಡಿಯನ್ ತೆಗೆಯಬೇಡಿ. ಹತ್ತರಲ್ಲಿ ಐದು ಫೋಟೊಗಳು ಒಂದು ಕಡೆ ಪೈಪು ಅಂತಾವೆ, ಇನ್ನೈದು ಗೋಡೆ ಅಂತಾವೆ, ಸಮಬಲದಲ್ಲಿ ಪಂಚಾಯ್ತಿ ಮುಗಿಯೋದಿಲ್ಲ. ಕೆಳಗಿನ ಐದಕ್ಕೆ ಒಂದು, ಮೇಲಿನ ಐದಕ್ಕೆ ಒಂದು ಹೀಗೆ ಬೇರೆ ಬೇರೆ ಮೀಡಿಯನ್ ಮಾಡಿ. ಎರಡು ಚಿತ್ರ ಸಿಗುತ್ತವೆ, ಎರಡರಲ್ಲೂ ನಿಂತ ಪೈಪುಗಳಿಲ್ಲ, ಅಡ್ಡ ಪೈಪುಗಳು ಮಾತ್ರ ಬೇರೆ ಬೇರೆ ಮಟ್ಟದಲ್ಲಿವೆ. ಒಂದನ್ನು ಕೆಳಗಿಟ್ಟು, ಅದರಲ್ಲಿ ಅಡ್ಡ ಪೈಪು ಇರುವಲ್ಲಿ ಮಾತ್ರ ಮಾಸ್ಕ್ ಹಾಕಿ ಇನ್ನೊಂದನ್ನು ತೋರಿಸಿದರೆ ಮುಗೀತು.

ಕೆಲಸಗಾರರು ನಿಲ್ಲುವ ಹಲಗೆಯೂ ಇದೇ ಉಪಾಯಕ್ಕೆ ಬಗ್ಗುತ್ತೆ, ಅದೂ ಚೆಂದವಾಗಿ. ನೆಲದಿಂದ ನೋಡಿದಾಗ 6 ಮೀಟರ್ ಎತ್ತರದ ಹಲಗೆ ತನ್ನ ಮಟ್ಟಕ್ಕಿಂತ ಮೇಲಿನ ಗೋಡೆಯ ಒಂದು ಪಟ್ಟಿಯನ್ನು ಮುಚ್ಚುತ್ತೆ. ಎರಡನೇ ಮಹಡಿಯಿಂದ ನೋಡಿದಾಗ ಅದೇ ಹಲಗೆ ತನ್ನ ಮಟ್ಟಕ್ಕಿಂತ ಕೆಳಗಿನ ಪಟ್ಟಿಯನ್ನು ಮುಚ್ಚುತ್ತೆ. ಎರಡೂ ಪಟ್ಟಿಗಳು ಒಂದಕ್ಕೊಂದು ತಾಗೋದೇ ಇಲ್ಲ.

ಫೋಟೊಗಳನ್ನು ಹೊಂದಿಸುವ ಭಾಗ ಕೋಡಿನಲ್ಲಿ ಮೂರು ಸಾಲು, ಪೈಥಾನ್ ಗೊತ್ತಿರುವವರಿಗೆ ಇದು ಹೊಸದೇನಲ್ಲ:

```
M, ok = cv2.findHomography(pts, pts_base, cv2.RANSAC, 3.0)
warped = cv2.warpPerspective(img, M, (w, h))
# ಎಲ್ಲ ಫೋಟೊಗಳೂ stack ಸೇರಿದ ಮೇಲೆ
wall = np.median(stack, axis=0).astype(np.uint8)
```

ಒಂದು ಸಮತಲದ ಎರಡು ಫೋಟೊಗಳ ನಡುವಿನ ಸಂಬಂಧ ಹೋಮೋಗ್ರಫಿ, ಅದನ್ನು ಕಂಡುಹಿಡಿಯಲು ನಾಲ್ಕು ಬಿಂದು ಸಾಕು. ಯಾವ ನಾಲ್ಕು ಅನ್ನೋದೇ ಪ್ರಶ್ನೆ. ಬಿಂದುಗಳನ್ನು ಹುಡುಕುವ ಕೆಲಸವನ್ನು ಪ್ರೋಗ್ರಾಮಿಗೇ ಬಿಟ್ಟರೆ ಅದು ಓಡಿಹೋಗಿ ಪೈಪುಗಳನ್ನೇ ಹಿಡ್ಕೊಳ್ಳುತ್ತೆ. ಸುಣ್ಣದ ಗೋಡೆಯಲ್ಲಿ ಅದಕ್ಕೆ ಹಿಡಿಯಲು ಏನೂ ಇಲ್ಲ, ಪೈಪುಗಳು ಸೇರುವಲ್ಲೆಲ್ಲ ಚೂಪಾದ ಮೂಲೆಗಳು ಸಾಲುಸಾಲಾಗಿವೆ. ಆಗ ಫೋಟೊಗಳು ಸಾರುವೆಯ ಮೇಲೆ ಹೊಂದಿಕೊಂಡು, ಸಾರುವೆ ಸೂಜಿಯಷ್ಟು ಸ್ಪಷ್ಟವಾಗಿ ಉಳಿದು, ಗೋಡೆ ಮಸುಕಾಗುತ್ತೆ. ಬೇಕಾಗಿದ್ದಕ್ಕೆ ಸರಿಯಾಗಿ ಉಲ್ಟಾ. ಆದ್ದರಿಂದ ಕಿಟಕಿಯ ಮೂಲೆಗಳನ್ನು ಕೈಯಿಂದಲೇ ಗುರುತಿಸಿ, ಅದೂ ಒಂದಕ್ಕೊಂದು ದೂರ ಇರುವಂಥವು: 1ನೇ ಅಂಕಣದ್ದು, 11ನೆಯದ್ದು, ನೆಲಮಹಡಿಯದ್ದು, ಮೇಲಿನ ಮಹಡಿಯದ್ದು. ಅದಕ್ಕೂ ಮೊದಲು ಲೆನ್ಸಿನ ಡಿಸ್ಟಾರ್ಷನ್ ಸರಿಪಡಿಸಿ. ಪ್ಯಾರಪೆಟ್ ಬಿಲ್ಲಿನಂತೆ ಬಾಗಿದ್ದರೆ ಯಾವ ಹೋಮೋಗ್ರಫಿಯೂ ಅದನ್ನು ನೆಟ್ಟಗೆ ಮಾಡೋದಿಲ್ಲ, ಯಾಕೆಂದರೆ ಅದು ನೇರ ಗೆರೆಯನ್ನು ನೇರ ಗೆರೆಗೇ ಒಯ್ಯುತ್ತೆ, ಬಾಗಿದ್ದನ್ನು ಬಾಗಿದ್ದಾಗಿಯೇ ಬಿಡುತ್ತೆ.

ಈ ವಿಧಾನಕ್ಕೆ ಸಿಕ್ಕದೇ ಉಳಿಯುವ ಒಂದಿದೆ, ಪೈಪಿನ ನೆರಳು. ನೆರಳು ಬಿದ್ದಿರೋದು ಗೋಡೆಯ ಮೇಲೆಯೇ. ನಾವು ಎತ್ತ ಸರಿದರೂ ಅದು ಸರಿಯೋದಿಲ್ಲ, ಮೀಡಿಯನ್ ಅದನ್ನು ಗೋಡೆಯ ಬಣ್ಣ ಅಂದುಕೊಂಡು ಜೋಪಾನವಾಗಿ ಉಳಿಸಿಕೊಳ್ಳುತ್ತೆ. ಕೊನೆಗೆ ಪೈಪಿಲ್ಲದ ಪೈಪಿನ ನೆರಳು, ದೆವ್ವದ ಸಿನಿಮಾ ಥರ. ಇದಕ್ಕೆ ಪರಿಹಾರ ಸಾಫ್ಟ್‌ವೇರಿನಲ್ಲಿ ಇಲ್ಲ, ಗಡಿಯಾರದಲ್ಲಿದೆ. ನಮ್ಮ ಮೇನ್ ಬ್ಲಾಕು ಪೂರ್ವಕ್ಕೆ ಮುಖ ಮಾಡಿದೆ. ಬೆಳಗ್ಗೆ ಒಂಬತ್ತಕ್ಕೆ ಹೊಡೆದ ಫೋಟೊ ಕಣ್ಣಿಗೆ ಚೆಂದ, ಕೆಲಸಕ್ಕೆ ಬಾರದು. ಮಧ್ಯಾಹ್ನ ಮೂರರ ಮೇಲೆ ಹೋದರೆ ಇಡೀ ಮುಖ ನೆರಳಲ್ಲಿ ಇರುತ್ತೆ, ಪೈಪಿನ ನೆರಳು ಅನ್ನೋದೇ ಇರೋದಿಲ್ಲ. ಮೋಡದ ದಿನ ಆದರೆ ಯಾವ ಹೊತ್ತಾದರೂ ಸರಿ. ಸಾರುವೆಯನ್ನು ಗೋಡೆಗೆ ಬಿಗಿದಿರುವ ಕಡೆಗಳಲ್ಲಿ ಪೈಪಿನ ತುದಿ ಗೋಡೆಗೇ ತಾಗಿರುತ್ತೆ, ಅದೂ ಸರಿಯೋದಿಲ್ಲ. ಅಲ್ಲಿ ಸಣ್ಣ ಸಣ್ಣ ಚುಕ್ಕೆಗಳು ಉಳಿಯುತ್ತವೆ. ಅವಕ್ಕೆ ಮಾತ್ರ ಕ್ಲೋನ್ ಸ್ಟ್ಯಾಂಪ್ ಹಿಡಿಯಿರಿ, ನಮ್ಮ ಅಭ್ಯಂತರ ಇಲ್ಲ.

ಇಷ್ಟಾದರೆ 7 ಮತ್ತು 10ನೇ ಅಂಕಣಗಳು ಬಂದವು. ಅವು ಊಹೆಯಲ್ಲ, ಕ್ಯಾಮರಾ ಕಂಡ ಗೋಡೆ. ಉಳಿದದ್ದು ಬಲೆಯ ಹಿಂದಿನ 8 ಮತ್ತು 9. ಬಲೆ ಎಲ್ಲ ಕಡೆಯಿಂದಲೂ ಮುಚ್ಚುತ್ತೆ, ನೀವು ಎಷ್ಟು ನಡೆದರೂ ಪ್ರಯೋಜನ ಇಲ್ಲ. ಇಲ್ಲಿಂದ ಮುಂದೆ ನಾವು ಮಾಡೋದು ಪುನರ್ನಿರ್ಮಾಣ, ಇದನ್ನು ಮೊದಲೇ ಒಪ್ಪಿಕೊಳ್ಳೋಣ.

ಮೊದಲು ಗೆರೆಗಳು. 8 ಮತ್ತು 9ರ ನಡುವಿನ ಕಂಬ ಎಲ್ಲಿ ಬರಬೇಕು? ಬಲಕ್ಕೆ ತಿರುಗಿಸಿದ ಕ್ಯಾಮರಾದಲ್ಲಿ ಅಂಕಣಗಳು ದೂರ ಹೋದಂತೆ ಕಿರಿದಾಗುತ್ತವೆ. ಒಂದು ಚಿತ್ರದಲ್ಲಿ 7ರ ಎಡ ಅಂಚು 2000ನೇ ಪಿಕ್ಸೆಲ್‌ನಲ್ಲಿ, ಬಲ ಅಂಚು 2457ರಲ್ಲಿ, 10ರ ಎಡ ಅಂಚು 3252ರಲ್ಲಿ, ಬಲ ಅಂಚು 3600ರಲ್ಲಿ ಇದೆ ಅನ್ನಿ. ಅವಸರದವರು 2457ಕ್ಕೂ 3252ಕ್ಕೂ ನಡುಬಿಂದು ತೆಗೆದು 2855ರ ಹತ್ತಿರ ಕಂಬ ನಿಲ್ಲಿಸ್ತಾರೆ. ಅದು ತಪ್ಪು. ಸಮಾನ ಅಂತರದ ಅಂಚುಗಳು ಚಿತ್ರದಲ್ಲಿ ಬೀಳುವ ಜಾಗಕ್ಕೆ ಒಂದು ಸೂತ್ರ ಇದೆ, ಅಂಶ ಛೇದ ಎರಡರಲ್ಲೂ `t` ಬರುವಂಥದ್ದು. ಗೊತ್ತಿರುವ ಮೂರು ಅಂಚುಗಳಿಂದ ಅದರ ಸ್ಥಿರಾಂಕಗಳು ಸಿಗುತ್ತವೆ:

```
x(t) = 2000 + 480*t / (1 + 0.05*t)
t = 0, 1, 2, 3, 4  ->  2000, 2457, 2873, 3252, 3600
```

ಕಂಬ ಬರಬೇಕಾದದ್ದು 2873ರಲ್ಲಿ. ನಡುಬಿಂದುವಿಗೂ ಇದಕ್ಕೂ 18 ಪಿಕ್ಸೆಲ್ ವ್ಯತ್ಯಾಸ, ಆ ಜಾಗದಲ್ಲಿ ಗೋಡೆಯ ಮೇಲೆ 18 ಸೆಂ.ಮೀ. ಹತ್ತಿರ. ನೋಡಿದವರಿಗೆ ಎಲ್ಲಿ ತಪ್ಪಿದೆ ಅಂತ ಹೇಳಲು ಬರೋದಿಲ್ಲ, ಆದರೆ ಕಟ್ಟಡ ಅಲ್ಲಿ ಏನೋ ಸೊಟ್ಟಗಿದೆ ಅನಿಸುತ್ತೆ. ಸ್ಥಿರಾಂಕಕ್ಕೆ ಮೂರು ಅಂಚು ಸಾಕಾದ್ದರಿಂದ ನಾಲ್ಕನೆಯದು ನಮ್ಮ ಪರೀಕ್ಷೆ. ಅದು ಎರಡು ಮೂರು ಪಿಕ್ಸೆಲ್‌ಗಿಂತ ಹೆಚ್ಚು ತಪ್ಪಿ ಬಿದ್ದರೆ ಒಂದೋ ಲೆನ್ಸ್ ಸರಿಪಡಿಸಿಲ್ಲ, ಇಲ್ಲವೇ ಅಂಕಣಗಳು ನಿಜಕ್ಕೂ ಸಮ ಇಲ್ಲ. ಹಳೇ ಕಟ್ಟಡಗಳಲ್ಲಿ ಎರಡನೆಯದೂ ಸಾಕಷ್ಟು ಇರುತ್ತೆ.

ಸೂತ್ರ ಬೇಡ ಅನ್ನುವವರಿಗೆ ಪೆನ್ಸಿಲ್ಲಿನ ದಾರಿ ಇದೆ, ಡ್ರಾಯಿಂಗ್ ಮೇಷ್ಟ್ರು ಹೇಳಿಕೊಡುವಂಥದ್ದು. 7 ಮತ್ತು 8ರ ನಡುವಿನ ಕಂಬದ ಎತ್ತರದ ನಡುಬಿಂದು ಗುರುತಿಸಿ. 7ರ ಎಡ ಮೇಲ್ಮೂಲೆಯಿಂದ ಆ ಬಿಂದುವಿನ ಮೂಲಕ ಗೆರೆ ಎಳೆದು ಕೆಳಗಿನ ಗೆರೆಗೆ ತಾಗಿಸಿ. ತಾಗಿದಲ್ಲೇ 8ರ ಬಲ ಅಂಚು. ಎರಡು ಆಯತಗಳ ಕರ್ಣ ಅವುಗಳ ನಡುವಿನ ಅಂಚನ್ನು ಅರ್ಧಕ್ಕೆ ಕಡಿಯುತ್ತೆ, ಪರ್ಸ್‌ಪೆಕ್ಟಿವ್ ಇದ್ದರೂ ಗೆರೆ ಗೆರೆಯಾಗಿಯೇ ಉಳಿಯುತ್ತೆ. ಒಂದೇ ಎಚ್ಚರಿಕೆ: ಕ್ಯಾಮರಾವನ್ನು ಮೇಲಕ್ಕೆ ಎತ್ತಿ ಹಿಡಿದಿದ್ದರೆ ಕಂಬದ ನಡುಬಿಂದು ಚಿತ್ರದಲ್ಲಿ ನಡುವೆ ಬೀಳೋದಿಲ್ಲ, ಮೊದಲು ನಿಂತ ಗೆರೆಗಳನ್ನು ನೆಟ್ಟಗೆ ಮಾಡಿಕೊಳ್ಳಿ.

ಈ ಗೆರೆಗಳ ಚೌಕಟ್ಟಿನೊಳಗೆ ಅಂಕಣವನ್ನು ತುಂಬಬೇಕು. ಫೋಟೊಶಾಪಿನ ವ್ಯಾನಿಶಿಂಗ್ ಪಾಯಿಂಟ್ ಆಗಲಿ, ಗಿಂಪ್‌ನ ಪರ್ಸ್‌ಪೆಕ್ಟಿವ್ ಕ್ಲೋನ್ ಆಗಲಿ ಮಾಡೋದು ಇದನ್ನೇ, ಗೋಡೆಯ ಸಮತಲದೊಳಗೆ ನಕಲು. ಯಾವ ಅಂಕಣದಿಂದ ತರಬೇಕು ಅನ್ನೋದನ್ನು ಮಾತ್ರ ಅವು ಹೇಳೋದಿಲ್ಲ. ಬಹಳ ಜನ ಸಾರುವೆಯೇ ಇಲ್ಲದ ಎಡಭಾಗದ 4 ಮತ್ತು 3ನ್ನು ತಂದು ಕೂರಿಸ್ತಾರೆ. ಸ್ವಚ್ಛವಾಗಿದೆಯಲ್ಲ ಅಂತ. ಆದರೆ ಕಿಟಕಿಗಳು ಗೋಡೆಯೊಳಗೆ ಒಂದಡಿ ಹಿಂದೆ ಇವೆ. ಪೋರ್ಟಿಕೊ ಎದುರು ನಿಂತ ಕ್ಯಾಮರಾಗೆ ಎಡಭಾಗದ ಕಿಟಕಿಗಳಲ್ಲಿ ಎಡಗಡೆಯ ಒಳಬದಿ ಕಾಣುತ್ತೆ, ಬಲಭಾಗದವುಗಳಲ್ಲಿ ಬಲಗಡೆಯದು. 4ನ್ನು ತಂದು 8ರಲ್ಲಿಟ್ಟರೆ ಆ ಕಿಟಕಿ ಮಾತ್ರ ಬೇರೆ ಯಾರನ್ನೋ ನೋಡ್ತಿರೋ ಹಾಗೆ ಕಾಣುತ್ತೆ. ಹಾಗಾದರೆ ಕನ್ನಡಿಯಂತೆ ತಿರುಗಿಸಿ ಇಡೋಣ ಅಂದರೆ ಒಳಬದಿ ಸರಿಹೋಗುತ್ತೆ, ಬಿಸಿಲಿನ ಫೋಟೊ ಆಗಿದ್ದರೆ ಸಜ್ಜಾದ ನೆರಳು ಎದುರು ದಿಕ್ಕಿಗೆ ವಾಲುತ್ತೆ. ಒಂದೇ ಕಟ್ಟಡಕ್ಕೆ ಎರಡು ಸೂರ್ಯ. ಆದ್ದರಿಂದ 8ಕ್ಕೆ 7ನ್ನು, 9ಕ್ಕೆ 10ನ್ನು ತನ್ನಿ. ಮುಂಚೆ ಪೈಪುಗಳ ಹಿಂದಿನಿಂದ ಅಷ್ಟು ಕಷ್ಟಪಟ್ಟು 7 ಮತ್ತು 10ನ್ನು ಬಿಡಿಸಿದ್ದು ಇದಕ್ಕೇ.

ಕ್ರೇನಿನ ವಿಷಯ ಸುಲಭ. ಆಕಾಶ ಹತ್ತಿರದ ಆಕಾಶದಿಂದಲೇ ತುಂಬುತ್ತೆ. ಅದರ ಕಂಬ ಪ್ಯಾರಪೆಟ್ಟಿಗೆ ತಾಗುವಲ್ಲಿ ಮಾತ್ರ ಅಂಚಿನ ಎರಡು ಮೂರು ಪಿಕ್ಸೆಲ್‌ಗಳಿಗೆ ಕ್ರೇನಿನ ಹಳದಿ ಹತ್ತಿರುತ್ತೆ, ಅಲ್ಲಿ ಪ್ಯಾರಪೆಟ್ಟಿನ ಅಂಚನ್ನು ಪಕ್ಕದಿಂದ ಎಳೆದು ತರಬೇಕು. ಫ್ಲೆಕ್ಸಿನದು ಇನ್ನೂ ಸುಲಭ: 6 ಮೀಟರ್ ಅಗಲದ ಫ್ಲೆಕ್ಸ್ ಗೋಡೆಯಿಂದ 4 ಮೀಟರ್ ಮುಂದಿದ್ದರೆ, ಮೇಲಿನ ಸೂತ್ರದ ಪ್ರಕಾರ ಒಟ್ಟು 45 ಮೀಟರ್ ಅಂತರದ ಎರಡು ಕಡೆಯಿಂದ ಫೋಟೊ ತೆಗೆದರೆ ಹಿಂದಿನ ಗೋಡೆಯೆಲ್ಲ ಕಾಣುತ್ತೆ. ಅಥವಾ ನಾಲ್ಕು ಹಗ್ಗ ಬಿಚ್ಚಿ ಕೆಳಗಿಳಿಸಿ, ಫೋಟೊ ತೆಗೆದು, ಮತ್ತೆ ಕಟ್ಟಿ. ಇಷ್ಟೆಲ್ಲ ಹೋಮೋಗ್ರಫಿ ಕಲಿತ ಮೇಲೂ ನಾವು ಸೂಚಿಸೋದು ಹಗ್ಗವನ್ನೇ.

ಈಗ ನಿಜವಾದ ತಕರಾರಿಗೆ ಬರೋಣ. 8ಕ್ಕೆ ಬಲೆ ಕಟ್ಟಿರೋದು ಸುಮ್ಮನೆ ಅಲ್ಲ. ಅಲ್ಲಿ ಮೊದಲ ಮಹಡಿಯ ಕಿಟಕಿಯ ಮೇಲಿಂದ ಒಂದು ಬಿರುಕು ಓರೆಯಾಗಿ ಮೇಲಕ್ಕೆ ಹೋಗಿದೆ, ರಿಪೇರಿ ನಡೀತಿರೋದು ಅದಕ್ಕೇ. 7ನ್ನು ತಂದು ಅಲ್ಲಿ ಅಚ್ಚುಕಟ್ಟಾಗಿ ಕೂರಿಸಿದರೆ ಬಿರುಕಿಲ್ಲದ ಗೋಡೆ ಸಿಗುತ್ತೆ. ಗೆರೆಗಳು ಸರಿ, ಕಿಟಕಿ ಸರಿ, ಬೆಳಕೂ ಸರಿ. ಎಷ್ಟು ಚೆನ್ನಾಗಿ ಮಾಡ್ತೀವೋ ಸುಳ್ಳು ಅಷ್ಟು ಚೆನ್ನಾಗಿ ನಿಲ್ಲುತ್ತೆ.

"ಮುಖಪುಟದ ಫೋಟೊ ತಾನೆ, ಯಾರು ಬಿರುಕು ಹುಡುಕ್ತಾರೆ?" ಅಂತ ಕೇಳಬಹುದು. ಈ ವರ್ಷ ಯಾರೂ ಹುಡುಕೋದಿಲ್ಲ. ಆದರೆ ಕಟ್ಟಡದ ಫೋಟೊ ಉಳಿದುಕೊಳ್ಳುವ ವಸ್ತು. 1858ರಲ್ಲಿ ಜರ್ಮನಿಯ ವೆಟ್ಸ್‌ಲಾರ್ ಎಂಬ ಊರಿನ ಕೆಥೆಡ್ರಲ್ಲನ್ನು ಹತ್ತಿ ಕೈಯಲ್ಲಿ ಅಳೆಯುತ್ತಿದ್ದ ಆಲ್ಬ್ರೆಕ್ಟ್ ಮೈಡೆನ್‌ಬಾವರ್ ಮೇಲಿಂದ ಬೀಳುವುದರಲ್ಲಿದ್ದ. ಹತ್ತಿ ಅಳೆಯುವ ಬದಲು ಫೋಟೊದಿಂದಲೇ ಅಳೆಯಬಹುದಲ್ಲ ಎಂಬ ಯೋಚನೆ ಅವನಿಗೆ ಬಂದದ್ದು ಆಗ. 1885ರಲ್ಲಿ ಬರ್ಲಿನ್‌ನಲ್ಲಿ ಅದಕ್ಕೆಂದೇ ಸರ್ಕಾರಿ ಸಂಸ್ಥೆ ಶುರುವಾಯಿತು, ಸಾವಿರಾರು ಕಟ್ಟಡಗಳ ಫೋಟೊ ಪ್ಲೇಟುಗಳು ಕೂಡಿದವು. ಎರಡನೇ ಮಹಾಯುದ್ಧದಲ್ಲಿ ಹಾಳಾದ ಕಟ್ಟಡಗಳನ್ನು ಮತ್ತೆ ಕಟ್ಟುವಾಗ ಆ ಪ್ಲೇಟುಗಳು ನೆರವಿಗೆ ಬಂದವು. ಅವುಗಳಲ್ಲಿ ಯಾರಾದರೂ ಚೆಂದಕ್ಕೆಂದು ಒಂದು ಅಂಕಣವನ್ನು ಪಕ್ಕದ್ದರಿಂದ ನಕಲು ಮಾಡಿದ್ದಿದ್ದರೆ ಕಟ್ಟಡವನ್ನೂ ಹಾಗೇ ಕಟ್ಟಿಬಿಡುತ್ತಿದ್ದರು.

ನಮ್ಮ ಕ್ಯಾಂಪಸ್ಸಿನಲ್ಲಿ ಅಷ್ಟು ದೂರ ಹೋಗಬೇಕಾಗಿಲ್ಲ. ಮೂರು ವರ್ಷ ಬಿಟ್ಟು ಸಿವಿಲ್‌ನ ಯಾವುದೋ ಪ್ರಾಜೆಕ್ಟ್ ತಂಡ ಇದೇ ಬಿರುಕು ಮತ್ತೆ ಬಿಟ್ಟಿದ್ದನ್ನು ನೋಡಿ, ಇದು ಯಾವಾಗಿನಿಂದ ಇದೆ ಅಂತ ಹಳೇ ಫೋಟೊ ಹುಡುಕುತ್ತೆ. ಅವರ ಕೈಗೆ ಸುಲಭವಾಗಿ, ದೊಡ್ಡ ಗಾತ್ರದಲ್ಲಿ ಸಿಗೋದು ನಮ್ಮ ಮುಖಪುಟವೇ. ಅದರಲ್ಲಿ ಬಿರುಕಿಲ್ಲ. ರಿಪೇರಿಗಿಂತ ಮೊದಲು ಬಿರುಕೇ ಇರಲಿಲ್ಲ, ರಿಪೇರಿಯಿಂದಲೇ ಬಂದಿದೆ ಅಂತ ಅವರು ಬರೆದರೆ ತಪ್ಪು ಯಾರದು?

ಆದ್ದರಿಂದ ಪಕ್ಕದ ಅಂಕಣಕ್ಕೆ ಕೈ ಹಾಕುವ ಮೊದಲು ಹಳೇ ಫೋಟೊ ಹುಡುಕಿ. ನಮ್ಮಲ್ಲಿ ಅದಕ್ಕೆ ಬರವಿಲ್ಲ, ಪ್ರತಿ ವರ್ಷ ಫೈನಲ್ ಇಯರ್ ಗ್ರೂಪ್ ಫೋಟೊ ತೆಗೆಯೋದು ಇದೇ ಕಟ್ಟಡದ ಮುಂದೆ. ಸೀನಿಯರ್‌ಗಳ ತಲೆಗಳ ಮೇಲೆ 8 ಮತ್ತು 9ನೇ ಅಂಕಣಗಳ ಮೇಲಿನ ಎರಡು ಮಹಡಿ ಪೂರ್ತಿ ಕಾಣುತ್ತೆ. ನಾಲ್ಕು ಕಿಟಕಿ ಮೂಲೆ ಗುರುತಿಸಿ ಅದೇ `findHomography`ಗೆ ಕೊಟ್ಟರೆ ಆ ಹಳೇ ಗೋಡೆ ನಮ್ಮ ಚಿತ್ರದ ಮೇಲೆ ಬಂದು ಕೂರುತ್ತೆ. ರೆಸಲ್ಯೂಷನ್ ಕಡಿಮೆ ಇರಬಹುದು, ಬಣ್ಣ ಹೊಂದದೇ ಇರಬಹುದು, ನೇರವಾಗಿ ಅಂಟಿಸಲು ಬರದೇ ಹೋಗಬಹುದು. ಆದರೂ ಅಲ್ಲಿ ಏನೇನಿದೆ ಅನ್ನೋದನ್ನು ಅದು ಹೇಳುತ್ತೆ: 8 ಮತ್ತು 9ರ ನಡುವೆ ಮಳೆನೀರಿನ ಪೈಪು ಇಳಿದಿದೆ, 9ರ ಕಿಟಕಿಗೆ ಯಾರೋ ಎಕ್ಸಾಸ್ಟ್ ಫ್ಯಾನ್ ಹಾಕಿಸಿದ್ದಾರೆ, 7ರಲ್ಲಿ ಇವೆರಡೂ ಇಲ್ಲ. ಪಕ್ಕದ ಅಂಕಣದಿಂದ ಗೋಡೆಯ ಮೈಯನ್ನು ತನ್ನಿ, ಆದರೆ ಅಲ್ಲಿ ಏನಿರಬೇಕು ಅನ್ನೋದನ್ನು ಹಳೇ ಫೋಟೊ ನಿರ್ಧರಿಸಲಿ. ಬಿರುಕು ಅದರಲ್ಲಿ ಕಂಡರೆ ಬಿರುಕನ್ನೂ ಉಳಿಸಿ. ಮುಖಪುಟಕ್ಕೆ ಬಿರುಕು ಬೇಡವೇ ಬೇಡ ಅಂತ ಸಂಪಾದಕರು ಹಟ ಹಿಡಿದರೆ ಪೋರ್ಟಿಕೊದ ಎಡಭಾಗದ ಫೋಟೊ ಹಾಕಲಿ. ಅಲ್ಲಿ ಸಾರುವೆಯೂ ಇಲ್ಲ, ಕೆಲಸವೂ ಇಲ್ಲ.

ನಕಲು ಸಿಕ್ಕಿಬೀಳೋದು ಹೇಗೆ ಅನ್ನೋದೂ ಗೊತ್ತಿರಲಿ, ಬೇರೆಯವರ ಫೋಟೊ ನೋಡುವಾಗ ಉಪಯೋಗಕ್ಕೆ ಬರುತ್ತೆ. 2006ರ ಆಗಸ್ಟಿನಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆ ಬೈರೂತ್ ನಗರದ ಕಟ್ಟಡಗಳ ಮೇಲೆ ಹೊಗೆ ಏಳುತ್ತಿದ್ದ ಒಂದು ಫೋಟೊವನ್ನು ಹಿಂದಕ್ಕೆ ತೆಗೆದುಕೊಂಡಿತು. ಛಾಯಾಗ್ರಾಹಕ ಹೊಗೆಯನ್ನು ಕ್ಲೋನ್ ಮಾಡಿ ಹೆಚ್ಚಿಸಿದ್ದ. ಹೊಗೆಯ ಒಂದೇ ಸುರುಳಿ ಮತ್ತೆ ಮತ್ತೆ ಬಂದದ್ದನ್ನು ನೋಡುಗರೇ ಗುರುತಿಸಿದ್ದರು. ಗೋಡೆಯಲ್ಲೂ ಅಷ್ಟೇ. ಕಿಟಕಿ ಕಿಟಕಿಯಂತೆ ಇರೋದು ಸಹಜ, ಆದರೆ ಮಳೆ ಇಳಿದ ಕಲೆ, ಪಾರಿವಾಳ ಮಾಡಿದ ಗಲೀಜು, ಅರ್ಧ ತೆರೆದ ಒಂದೇ ಬಾಗಿಲು, ಇವು ಪಕ್ಕಪಕ್ಕದ ಎರಡು ಅಂಕಣಗಳಲ್ಲಿ ಒಂದೇ ಜಾಗದಲ್ಲಿ ಇರೋದಕ್ಕೆ ಸಾಧ್ಯವೇ ಇಲ್ಲ. ಎರಡು ಅಂಕಣಗಳನ್ನು ಒಂದೇ ಅಳತೆಗೆ ತಂದು ಡಿಫರೆನ್ಸ್ ಮೋಡಿನಲ್ಲಿ ಒಂದರ ಮೇಲೊಂದು ಇಡಿ. ನಿಜವಾದವಾದರೆ ಕಲೆಗಳೆಲ್ಲ ಎದ್ದು ಕಾಣುತ್ತವೆ, ನಕಲಾದರೆ ಹೆಚ್ಚುಕಡಿಮೆ ಪೂರ್ತಿ ಕಪ್ಪು. ಕಿಟಕಿಯ ಗಾಜುಗಳನ್ನೂ ನೋಡಿ. ಗೋಡೆಯ ಮುಂದಿನ ಸಾರುವೆಯನ್ನು ಅಳಿಸಿದವರು ಗಾಜಿನೊಳಗೆ ಕಾಣುವ ಅದರ ಪ್ರತಿಬಿಂಬವನ್ನು ಬಿಟ್ಟಿರುತ್ತಾರೆ.

ನಮ್ಮ ಬೇಡಿಕೆ ದೊಡ್ಡದೇನಲ್ಲ. ತಿದ್ದಿದ ಫೋಟೊದ ಜೊತೆ ತಿದ್ದದ ಹತ್ತು ಫೋಟೊಗಳನ್ನೂ ಒಂದೇ ಫೋಲ್ಡರಿನಲ್ಲಿ ಕ್ಲಬ್ಬಿನ ಡ್ರೈವಿಗೆ ಹಾಕಿ. ಕೂರಿಸಿದ ಅಂಕಣಗಳು ಬೇರೆ ಲೇಯರಿನಲ್ಲಿ ಇರಲಿ, ಮರ್ಜ್ ಮಾಡಬೇಡಿ. ಮುಖಪುಟದ ಒಳಬದಿಯಲ್ಲಿ ಫೋಟೊ ತೆಗೆದವರ ಹೆಸರಿನ ಪಕ್ಕ ಒಂದು ಸಾಲು: "ಸಾರುವೆ, ಕ್ರೇನು ತೆಗೆಯಲಾಗಿದೆ, 8 ಮತ್ತು 9ನೇ ಅಂಕಣಗಳು ಪಕ್ಕದ ಅಂಕಣ ಹಾಗೂ ಹಳೇ ಫೋಟೊ ಆಧರಿಸಿ ಮರುನಿರ್ಮಿಸಿದವು." ಅಷ್ಟು ಬರೆಯಲು ಜಾಗ ಇಲ್ಲ ಅನ್ನುವ ಸಂಚಿಕೆಯನ್ನು ನಾವಂತೂ ಕಂಡಿಲ್ಲ.

ಇನ್ನೊಂದು. ಫೋಟೊ ತೆಗೆದ ಜಾಗಗಳಲ್ಲಿ ನೆಲಕ್ಕೆ ಸೀಮೆಸುಣ್ಣದ ಬದಲು ಸ್ವಲ್ಪ ಪೇಂಟಿನಿಂದ ಗುರುತು ಹಾಕಿಡಿ. ಬಲೆ ಇಳಿಸಿದ ದಿನ ಅಲ್ಲೇ ನಿಂತು ಒಂದು ಫೋಟೊ ತೆಗೆದು, ನಾವು ಕಟ್ಟಿದ ಚಿತ್ರದ ಮೇಲಿಟ್ಟು ನೋಡೋಣ. ಆ ಕಂಬ 2873ರಲ್ಲೇ ನಿಂತಿದೆಯೋ, ಮಳೆನೀರಿನ ಪೈಪು ನಾವು ಇಳಿಸಿದಲ್ಲೇ ಇಳಿದಿದೆಯೋ ಅವತ್ತು ಗೊತ್ತಾಗುತ್ತೆ.